‘ನೋಡೋಣ’ ಎಂಬುದರ ಅನುವಾದ: ವ್ಯಾಪಾರದ ಇ-ಮೇಲ್ ಪತ್ರಗಳಲ್ಲಿ ಪರೋಕ್ಷ ನಿರಾಕರಣೆ

ವ್ಯಾಪಾರದ ಮಾತುಕತೆಯಲ್ಲಿ ಕನ್ನಡಿಗರು ‘ಇಲ್ಲ’ ಎಂಬ ಮಾತನ್ನು ನೇರವಾಗಿ ಆಡುವುದು ವಿರಳ. ‘ನೋಡೋಣ’, ‘ಸ್ವಲ್ಪ ಕಷ್ಟವಾದೀತು’, ‘ಹಿರಿಯರನ್ನು ಕೇಳಿ ಹೇಳುತ್ತೇವೆ’, ‘ಮುಂದಿನ ಸಲ ಆಗಲಿ’ ಎಂಬಂಥ ಮಾತುಗಳಿಂದಲೇ ನಿರಾಕರಣೆಯ ಕೆಲಸ ನಡೆದುಹೋಗುತ್ತದೆ. ಎದುರಿಗೆ ಕುಳಿತವನು ಕನ್ನಡಿಗನಾಗಿದ್ದರೆ ಅವನಿಗೆ ಅರ್ಥವಾಗುವುದಕ್ಕೆ ಅಷ್ಟೇ ಸಾಕು. ಇಂಗ್ಲಿಷಿನಲ್ಲಿ ವ್ಯವಹರಿಸುವವರೂ ‘ಇಲ್ಲ’ ಎನ್ನುವುದಕ್ಕೆ ಸುತ್ತುದಾರಿಗಳನ್ನು ಬಳಸುತ್ತಾರೆ. ಆದರೆ ಆ ದಾರಿಗಳು ಬೇರೆ. ಒಂದು ಭಾಷೆಯ ಸುತ್ತುದಾರಿಯನ್ನು ಪದಕ್ಕೆ ಪದವಿಟ್ಟು ಇನ್ನೊಂದು ಭಾಷೆಗೆ ಒಯ್ದಾಗ ಅದು ಅನೇಕ ವೇಳೆ ವಾಗ್ದಾನವಾಗಿ ಮಾರ್ಪಡುತ್ತದೆ. ಹಾಗೆ ಮಾರ್ಪಟ್ಟ ವಾಗ್ದಾನವನ್ನು ನಂಬಿ ಎದುರಿನವರು ಮುಂದಿನ ಹೆಜ್ಜೆ ಇಡುತ್ತಾರೆ.

ಮಾತಿನಲ್ಲಿಯಾದರೆ ಈ ತಪ್ಪು ಬೇಗ ತಿದ್ದಿಹೋಗುತ್ತದೆ. ದನಿಯ ಇಳಿತ, ತಡೆದು ನುಡಿಯುವ ರೀತಿ, ಮುಖದ ಭಾವ ಇವು ಅರ್ಥವನ್ನು ಕಾಯುತ್ತವೆ. ಇ-ಮೇಲ್ ಪತ್ರದಲ್ಲಿ ಇವು ಯಾವುವೂ ಇಲ್ಲ. ಅದು ಕ್ಷಣಾರ್ಧದಲ್ಲಿ ತಲುಪುತ್ತದೆ. ಕೇಳದೆಯೇ ಮೂರನೆಯವರಿಗೆ ರವಾನೆಯಾಗುತ್ತದೆ. ತಿಂಗಳುಗಳ ಮೇಲೆ ವಕೀಲರ ಮೇಜಿನ ಮೇಲೆ ಸಾಕ್ಷ್ಯವಾಗಿಯೂ ಕಾಣಿಸಿಕೊಳ್ಳಬಹುದು. ಆದುದರಿಂದ ಇಂಥ ಪತ್ರಗಳನ್ನು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ತರುವವರು ಮೂಲದ ನಿರಾಕರಣೆ ಎಷ್ಟು ಗಟ್ಟಿಯಾಗಿದೆ, ಎಷ್ಟು ಬಾಗಿಲನ್ನು ತೆರೆದಿಟ್ಟಿದೆ ಎಂಬುದನ್ನು ಅಳೆದು, ಅಷ್ಟೇ ಗಟ್ಟಿಯಾದ, ಅಷ್ಟೇ ಬಾಗಿಲು ತೆರೆದ ಮಾತನ್ನು ಇನ್ನೊಂದು ಭಾಷೆಯ ರೂಢಿಯಿಂದ ಆರಿಸಬೇಕಾಗುತ್ತದೆ. ಈ ಅಳತೆಯ ಕ್ರಮವನ್ನು ಒಂದು ಉದಾಹರಣೆಯ ಮೂಲಕ ವಿಶದಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಾಕ್ಷಿಣ್ಯದ ವ್ಯಾಕರಣ

ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬ ಭಾಷಾವಿದ್ವಾಂಸರು 1978ರಲ್ಲಿ ವಿನಯದ ಮಾತುಗಳನ್ನು ಕುರಿತು ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. 1987ರಲ್ಲಿ ಅದು ಪುಸ್ತಕವಾಗಿ ಹೊರಬಂದಿತು. ಇಂಗ್ಲಿಷ್, ತಮಿಳು ಹಾಗೂ ಮೆಕ್ಸಿಕೋ ದೇಶದ ಟ್ಸೆಲ್ಟಾಲ್ ಈ ಮೂರು ಭಾಷೆಗಳ ಸಾಮಗ್ರಿ ಅವರ ಅಧ್ಯಯನಕ್ಕೆ ಆಧಾರ. ಪ್ರತಿಯೊಬ್ಬನಿಗೂ ಸಮಾಜದಲ್ಲಿ ಒಂದು ‘ಮುಖ’ ಉಂಟು. ಬೇಡಿಕೆ, ನಿರಾಕರಣೆ ಮುಂತಾದ ಮಾತುಗಳು ಆ ಮುಖಕ್ಕೆ ಪೆಟ್ಟು ಕೊಡಬಲ್ಲವು. ಆ ಪೆಟ್ಟನ್ನು ತಗ್ಗಿಸುವುದಕ್ಕಾಗಿಯೇ ವಿನಯದ ರೂಪಗಳು ಹುಟ್ಟುತ್ತವೆ ಎಂಬುದು ಅವರ ವಾದದ ತಿರುಳು. ಕನ್ನಡಿಗರಿಗೆ ಈ ವಾದ ಅಪರಿಚಿತವೆನಿಸದು. ‘ಮುಖದಾಕ್ಷಿಣ್ಯ’ ಎಂಬ ಮಾತೂ ‘ಮುಖ ಮುರಿದಂತೆ ಹೇಳುವುದು’ ಎಂಬ ಮಾತೂ ಇದೇ ತಿಳಿವಳಿಕೆಯನ್ನು ಬಹು ಹಿಂದಿನಿಂದ ಹೊತ್ತುಕೊಂಡು ಬಂದಿವೆ.

ದಾಕ್ಷಿಣ್ಯವು ಕನ್ನಡದಲ್ಲಿ ಕೇವಲ ಪದಗಳ ಆಯ್ಕೆಯಲ್ಲಿಲ್ಲ. ಕ್ರಿಯಾಪದದ ರೂಪದಲ್ಲಿಯೇ ಅಡಗಿದೆ. ‘ಉದ್ದರಿ ಕೊಡುವುದಿಲ್ಲ’ ಎಂದರೆ ಅದು ತೀರ್ಮಾನ. ಕೊಡಬಹುದಾಗಿದ್ದರೂ ಕೊಡಲೊಲ್ಲೆವು ಎಂಬ ಧ್ವನಿ ಅದರಲ್ಲಿದೆ. ‘ಉದ್ದರಿ ಕೊಡಲಾರೆವು’ ಎಂದರೆ ಅಶಕ್ತತೆ. ಮನಸ್ಸಿದೆ, ಕೈಲಾಗದು ಎಂಬ ಭಾವ. ‘ಉದ್ದರಿ ಕೊಡಲಾಗುವುದಿಲ್ಲ’ ಎಂಬಲ್ಲಿ ಕರ್ತೃವೇ ಮರೆಯಾಗುತ್ತಾನೆ. ನಿರಾಕರಿಸಿದವರು ಇಂಥವರೆಂದು ಬೊಟ್ಟು ಮಾಡಿ ತೋರಿಸುವಂತಿಲ್ಲ. ‘ಉದ್ದರಿ ಕೊಡುವುದು ಕಷ್ಟವಾದೀತು’ ಎಂಬಲ್ಲಿ ಸಂಭಾವನಾರ್ಥದ ರೂಪವು ನಿರಾಕರಣೆಯನ್ನು ಒಂದು ಊಹೆಯಂತೆ ಮುಂದಿಡುತ್ತದೆ. ನಾಲ್ಕೂ ವಾಕ್ಯಗಳ ಫಲ ಒಂದೇ ಇರಬಹುದು, ಉದ್ದರಿ ಸಿಗುವುದಿಲ್ಲ. ಆದರೆ ಎದುರಿನವನು ಮತ್ತೊಮ್ಮೆ ಕೇಳಬಹುದೇ, ಕೇಳಿದರೆ ಮನಸ್ತಾಪವಾದೀತೇ ಎಂಬುದು ಪ್ರತಿಯೊಂದರಲ್ಲಿಯೂ ಬೇರೆಯಾಗಿದೆ.

ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಇಂಥ ಪ್ರತ್ಯಯಗಳಿಲ್ಲ. ಅಲ್ಲಿ ಈ ಕೆಲಸವನ್ನು ಸಹಾಯಕ ಕ್ರಿಯಾಪದಗಳೂ ರೂಢಿಯ ಪದಗುಚ್ಛಗಳೂ ಮಾಡುತ್ತವೆ. ‘ವಿಲ್’ ಇರುವಲ್ಲಿ ‘ವುಡ್’ ಬಂದರೆ ಮಾತು ಮೃದುವಾಗುತ್ತದೆ. ‘ಐ ಆ್ಯಮ್ ಅಫ್ರೇಡ್’ ಎಂದು ಆರಂಭವಾದ ವಾಕ್ಯದಲ್ಲಿ ಭಯವೇನೂ ಇಲ್ಲ. ಮುಂದೆ ಬರುವುದು ನಿರಾಕರಣೆ ಎಂಬ ಮುನ್ಸೂಚನೆ ಮಾತ್ರ ಇದೆ. ‘ನಾಟ್ ಇನ್ ಎ ಪೊಸಿಷನ್ ಟು’ ಎಂಬುದು ಕನ್ನಡದ ‘-ಲಾರೆವು’ ರೂಪಕ್ಕೆ ಸಮೀಪದ್ದು. ‘ಅಟ್ ದಿಸ್ ಸ್ಟೇಜ್’ ಎಂಬ ಮೂರು ಪದಗಳು ವಾಕ್ಯದ ಕೊನೆಗೆ ಸೇರಿದರೆ, ಇಂದು ಇಲ್ಲವಾದರೂ ನಾಳೆ ಕೇಳಬಹುದು ಎಂಬ ಕಿಂಡಿ ತೆರೆದುಕೊಳ್ಳುತ್ತದೆ. ಈ ರೂಢಿಗಳನ್ನು ಬಲ್ಲ ಅನುವಾದಕನು ಪದಗಳ ಬದಲು ಬಲವನ್ನು ಹೊಂದಿಸಬಲ್ಲನು.

ಒಂದು ಪತ್ರದ ಪರಿಶೀಲನೆ

ಹಾವೇರಿ ಜಿಲ್ಲೆಯ ಬ್ಯಾಡಗಿಯ ಒಣಮೆಣಸಿನಕಾಯಿ ತನ್ನ ಗಾಢವಾದ ಕೆಂಪು ಬಣ್ಣಕ್ಕೂ ಕಡಿಮೆ ಖಾರಕ್ಕೂ ಪ್ರಸಿದ್ಧವಾಗಿದ್ದು, 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದಿದೆ. ಅಲ್ಲಿಯ ವರ್ತಕರೊಬ್ಬರಿಗೂ ಇಂಗ್ಲೆಂಡಿನ ಮಸಾಲೆ ಆಮದುದಾರರೊಬ್ಬರಿಗೂ ಮೊದಲ ಸಲ ವ್ಯವಹಾರ ನಡೆಯುತ್ತಿದೆ ಎಂದು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಹತ್ತು ಟನ್ ಮಾಲು. ವರ್ತಕರು ಹೇಳಿದ ದರ ಕಿಲೋಗೆ 310 ರೂಪಾಯಿ. ಆಮದುದಾರರು ಇಂಗ್ಲಿಷಿನಲ್ಲಿ ಮೂರು ಬೇಡಿಕೆಗಳನ್ನು ಮುಂದಿಟ್ಟಿದ್ದಾರೆ. ದರ 285 ರೂಪಾಯಿಗೆ ಇಳಿಯಬೇಕು. ಹಣ ಸಲ್ಲಿಸಲು 60 ದಿನಗಳ ಉದ್ದರಿ ಬೇಕು. ಬಣ್ಣ ಕನಿಷ್ಠ 140 ಆಸ್ತಾ ಮಾನ ಇರಬೇಕು. ಆಸ್ತಾ ಎಂಬುದು ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ ಹೆಸರಿನ ಸಂಕ್ಷೇಪ. ಮೆಣಸಿನ ಪುಡಿಯ ಬಣ್ಣವನ್ನು ಅಸಿಟೋನ್ ದ್ರವದಲ್ಲಿ ಇಳಿಸಿ, ಅದು ಬೆಳಕನ್ನು ಎಷ್ಟು ಹೀರುತ್ತದೆ ಎಂಬುದರಿಂದ ಈ ಮಾನವನ್ನು ಲೆಕ್ಕ ಮಾಡುತ್ತಾರೆ. ದಾಸ್ತಾನಿನಲ್ಲಿ ಬಿಸಿಲು ಸೆಕೆಗಳಿಗೆ ಬಣ್ಣ ಕುಂದುವುದರಿಂದಲೇ ಮೆಣಸಿನಕಾಯಿಯನ್ನು ಶೈತ್ಯಾಗಾರಗಳಲ್ಲಿ ಇಡುವ ಪದ್ಧತಿ ಬಂದಿದೆ.

ವರ್ತಕರು ಕನ್ನಡದಲ್ಲಿ ಬರೆಯಿಸಿದ ಉತ್ತರ ಹೀಗಿದೆ:

“ತಮ್ಮ ಪತ್ರ ತಲುಪಿ ಬಹಳ ಸಂತೋಷವಾಯಿತು. ತಮ್ಮಂಥವರು ಕೇಳಿದಾಗ ಇಲ್ಲವೆನ್ನಲು ಮನಸ್ಸು ಬರುವುದಿಲ್ಲ. ಆದರೆ ಈ ವರ್ಷ ಮಾಲು ಕಡಿಮೆ ಬಂದಿರುವುದರಿಂದ ಅಷ್ಟು ಇಳಿಸುವುದು ಸ್ವಲ್ಪ ಕಷ್ಟವಾದೀತು. ಐದು ಹತ್ತು ರೂಪಾಯಿ ಹೆಚ್ಚು ಕಡಿಮೆ ಎಂದರೆ ನೋಡೋಣ. ಉದ್ದರಿಯ ವಿಷಯವನ್ನು ಅಣ್ಣನವರ ಸಂಗಡ ಮಾತನಾಡಿ ತಿಳಿಸುತ್ತೇವೆ. ಬಣ್ಣದ ವಿಷಯದಲ್ಲಿ ತಾವು ಚಿಂತಿಸಬೇಕಾಗಿಲ್ಲ. ಒಳ್ಳೆಯ ಮಾಲನ್ನೇ ಆರಿಸಿ ಕಳುಹಿಸುತ್ತೇವೆ. ಮೊದಲ ವ್ಯವಹಾರ ಸುಸೂತ್ರವಾಗಿ ಆಗಲಿ, ಮುಂದೆ ಎಲ್ಲವೂ ಆದೀತು.”

ಇದನ್ನು ಪದಶಃ ಇಂಗ್ಲಿಷಿಗೆ ತಿರುಗಿಸಿದರೆ ಆಮದುದಾರರು ಏನೆಂದು ತಿಳಿಯುವರು? ದರ ಇಳಿಸುವುದು ‘ಎ ಲಿಟ್ಲ್ ಡಿಫಿಕಲ್ಟ್’ ಎಂದಿದ್ದಾರೆ. ಸ್ವಲ್ಪವೇ ಕಷ್ಟವಾದರೆ ಇನ್ನೊಮ್ಮೆ ಒತ್ತಾಯಿಸಿದಲ್ಲಿ ಇಳಿದಾರು. ಉದ್ದರಿಯ ಬಗ್ಗೆ ಅಣ್ಣನೊಡನೆ ಮಾತನಾಡುವುದಾಗಿ ಹೇಳಿದ್ದಾರೆ. ಒಂದು ವಾರದಲ್ಲಿ ಉತ್ತರ ಬಂದೀತು. ಬಣ್ಣದ ಬಗ್ಗೆ ಚಿಂತೆ ಬೇಡವೆಂದಿದ್ದಾರೆ. ಎಂದರೆ 140ಕ್ಕೆ ಒಪ್ಪಿದ್ದಾರೆ. ಹೀಗೆ ಮೂರಕ್ಕೆ ಮೂರೂ ತಪ್ಪು ತಿಳಿವಳಿಕೆಯಾಗುತ್ತದೆ. ಅನುವಾದದಲ್ಲಿ ಒಂದು ಪದವೂ ಬಿಟ್ಟುಹೋಗಿಲ್ಲ, ಒಂದು ಪದವೂ ಸೇರಿಲ್ಲ ಎಂಬುದು ಗಮನಾರ್ಹ.

ಇದನ್ನರಿತ ಕೆಲವರು ವಿರುದ್ಧ ದಿಕ್ಕಿಗೆ ಹೋಗುವುದುಂಟು. 285ಕ್ಕೆ ಕೊಡುವುದಿಲ್ಲ, ಉದ್ದರಿ ಇಲ್ಲ, 140ರ ಭರವಸೆ ಇಲ್ಲ ಎಂದು ಮೂರು ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ಇಲ್ಲಿ ತಪ್ಪು ತಿಳಿವಳಿಕೆಗೆ ಎಡೆಯಿಲ್ಲ, ನಿಜ. ಆದರೆ ದರದಲ್ಲಿ ವರ್ತಕರು ತೆರೆದಿಟ್ಟಿದ್ದ ಚಿಕ್ಕ ಕಿಂಡಿ ಮುಚ್ಚಿಹೋಯಿತು. ಮುಂದಿನ ವ್ಯವಹಾರದಲ್ಲಿ ಉದ್ದರಿ ಸಿಕ್ಕೀತೆಂಬ ಸೂಚನೆ ಅಳಿದುಹೋಯಿತು. ವರ್ತಕರು ಆಡದ ಒರಟು ಮಾತನ್ನು ಅವರ ಹೆಸರಿನಲ್ಲಿ ಆಡಿದಂತಾಯಿತು. ಮೊದಲನೆಯದು ಹುಸಿ ವಾಗ್ದಾನವಾದರೆ ಎರಡನೆಯದು ಹುಸಿ ಜಗಳ.

ಸರಿಯಾದ ಕ್ರಮವೆಂದರೆ ಪತ್ರವನ್ನು ಬೇಡಿಕೆಗಳಾಗಿ ಬಿಡಿಸಿಕೊಂಡು, ಒಂದೊಂದರ ಎದುರಿಗೂ ಉತ್ತರದ ನಿಜವಾದ ಬಲವನ್ನು ಬರೆದುಕೊಳ್ಳುವುದು. ಒಪ್ಪಿಗೆ, ನಿರಾಕರಣೆ, ಈಗ ಬೇಡ, ಷರತ್ತಿನ ಮೇಲೆ ಆದೀತು, ಇನ್ನೂ ತೀರ್ಮಾನವಾಗಿಲ್ಲ ಎಂಬ ಐದು ಬಗೆಗಳಲ್ಲಿ ಬಹುಮಟ್ಟಿಗೆ ಎಲ್ಲ ಉತ್ತರಗಳೂ ಅಡಕವಾಗುತ್ತವೆ.

ದರದ ಉತ್ತರ: 285ಕ್ಕೆ ನಿರಾಕರಣೆ, ಅಲ್ಪ ಇಳಿಕೆಗೆ ಅವಕಾಶ. ‘ಸ್ವಲ್ಪ’ ಎಂಬುದು ಇಲ್ಲಿ ಕಷ್ಟದ ಪ್ರಮಾಣವನ್ನು ಹೇಳುತ್ತಿಲ್ಲ; ನಿರಾಕರಣೆಯ ಅಂಚನ್ನು ಮಾತ್ರ ಸವೆಸುತ್ತಿದೆ. ಆದುದರಿಂದ ಅದನ್ನು ‘ಎ ಲಿಟ್ಲ್’ ಎನ್ನಬಾರದು. ಇನ್ನೂ ಸೂಕ್ಷ್ಮವಾದುದು ‘ಐದು ಹತ್ತು ರೂಪಾಯಿ’ ಎಂಬ ಮಾತು. ಕನ್ನಡದಲ್ಲಿ ಇಂಥ ಜೋಡಿ ಸಂಖ್ಯೆಗಳು ಅಂದಾಜಿನ ಸೂಚಕಗಳು. ‘ನಾಲ್ಕಾರು ಜನ’, ‘ಹತ್ತಿಪ್ಪತ್ತು ದಿನ’ ಎಂಬಂತೆ. ಇಂಗ್ಲಿಷಿನಲ್ಲಿ ಇದು ‘ಫೈವ್ ಟು ಟೆನ್ ರುಪೀಸ್’ ಎಂದಾದೊಡನೆ ಎಲ್ಲೆಗಳುಳ್ಳ ಕೊಡುಗೆಯಾಗುತ್ತದೆ. ಕೊಳ್ಳುವವನು ಸಹಜವಾಗಿಯೇ ಹತ್ತನ್ನು ಹಿಡಿದು, ದರ 300 ಎಂದು ಬರೆದುಕೊಳ್ಳುತ್ತಾನೆ. ಹತ್ತು ಟನ್ನಿಗೆ ಅದು ಒಂದು ಲಕ್ಷ ರೂಪಾಯಿಯ ವ್ಯತ್ಯಾಸ. ಅಷ್ಟನ್ನು ವರ್ತಕರು ಕೊಡಲು ಒಪ್ಪಿಯೇ ಇಲ್ಲ, ನೋಡೋಣವೆಂದಷ್ಟೇ ಹೇಳಿದ್ದಾರೆ. ಇಂಗ್ಲಿಷಿನಲ್ಲಿ ಸಂಖ್ಯೆಯನ್ನು ಬಿಟ್ಟು, ‘ವಿ ಆರ್ ಅಫ್ರೇಡ್ 285 ಈಸ್ ಬಿಯಾಂಡ್ ಅಸ್ ದಿಸ್ ಸೀಸನ್, ದೋ ವಿ ವುಡ್ ಬಿ ವಿಲ್ಲಿಂಗ್ ಟು ಡಿಸ್ಕಸ್ ಎ ಸ್ಮಾಲ್ ಅಡ್ಜಸ್ಟ್‌ಮೆಂಟ್’ ಎಂದರೆ ಬಲ ಸರಿಹೊಂದುತ್ತದೆ. 285 ಆಗದು ಎಂಬುದು ಸ್ಪಷ್ಟ. ಚರ್ಚೆಗೆ ಸಿದ್ಧರೆಂಬುದೂ ಸ್ಪಷ್ಟ. ಎಷ್ಟು ಎಂಬುದು ಮೂಲದಂತೆಯೇ ತೆರೆದಿದೆ.

ಉದ್ದರಿಯ ಉತ್ತರ: ಮೇಲುನೋಟಕ್ಕೆ ‘ಇನ್ನೂ ತೀರ್ಮಾನವಾಗಿಲ್ಲ’. ಆದರೆ ಹಿರಿಯರನ್ನು ಕೇಳುತ್ತೇವೆಂಬ ಮಾತು ನಿಜವಾದ ಸಮಾಲೋಚನೆಯಾಗಿರಬಹುದು, ದಾಕ್ಷಿಣ್ಯದ ನಿರಾಕರಣೆಯೂ ಆಗಿರಬಹುದು. ಇವೆರಡನ್ನೂ ಬೇರ್ಪಡಿಸುವ ಗುರುತುಗಳು ಪತ್ರದಲ್ಲಿಯೇ ಇರುತ್ತವೆ. ನಿಜವಾಗಿ ಕೇಳುವ ಉದ್ದೇಶವಿದ್ದಲ್ಲಿ ಸಾಮಾನ್ಯವಾಗಿ ಒಂದು ದಿನದ ಸೂಚನೆ ಇರುತ್ತದೆ, ‘ಸೋಮವಾರ ತಿಳಿಸುತ್ತೇವೆ’ ಎಂಬಂತೆ; ಅಥವಾ ಬೇಡಿಕೆಯ ವಿವರವನ್ನು ಕುರಿತು ಒಂದು ಪ್ರಶ್ನೆ ಇರುತ್ತದೆ, ‘60ರ ಬದಲು 30 ದಿನವಾದರೆ ಹೇಗೆ’ ಎಂಬಂತೆ. ದಿನವೂ ಇಲ್ಲ, ಪ್ರಶ್ನೆಯೂ ಇಲ್ಲ, ಕೊನೆಯಲ್ಲಿ ಮಾತ್ರ ‘ಮುಂದೆ ಎಲ್ಲವೂ ಆದೀತು’ ಎಂಬ ಸಾಂತ್ವನವಿದೆ ಎಂದಾದರೆ ಅದು ‘ಈಗ ಬೇಡ’ ಎಂಬ ಬಗೆಗೆ ಸೇರಿದ್ದು ಎನ್ನಲು ಬಲವಾದ ಕಾರಣವುಂಟು. ಈ ಊಹೆಯನ್ನು ವರ್ತಕರ ಮುಂದಿಟ್ಟು ಖಚಿತಪಡಿಸಿಕೊಂಡ ಮೇಲೆ, ‘ವಿ ವುಡ್ ಪ್ರಿಫರ್ ಟು ಕೀಪ್ ದಿಸ್ ಫಸ್ಟ್ ಆರ್ಡರ್ ಆನ್ ಅವರ್ ಯೂಷುಯಲ್ ಟರ್ಮ್ಸ್, ಆ್ಯಂಡ್ ರಿಟರ್ನ್ ಟು ಕ್ರೆಡಿಟ್ ಲೇಟರ್’ ಎಂಬ ವಾಕ್ಯ ಸಲ್ಲುತ್ತದೆ. ‘ಪ್ರಿಫರ್’ ಎಂಬ ಪದ ಇಚ್ಛೆಯನ್ನು ಹೇಳುವಂತೆ ಕಂಡರೂ ವ್ಯಾಪಾರದ ಇಂಗ್ಲಿಷಿನಲ್ಲಿ ಅದು ನಿರಾಕರಣೆಯ ರೂಢಿಯ ರೂಪ. ಅಣ್ಣನವರ ಪ್ರಸ್ತಾಪ ಉಳಿಯಲೇಬೇಕೆಂದು ವರ್ತಕರು ಬಯಸಿದರೆ, ಅವರು ಅಂಗಡಿಯ ಪಾಲುದಾರರೂ ಆಗಿರುವ ಪಕ್ಷದಲ್ಲಿ, ‘ಮೈ ಪಾರ್ಟ್‌ನರ್’ ಎನ್ನುವುದು ಲೇಸು. ‘ಎಲ್ಡರ್ ಬ್ರದರ್’ ಎಂದರೆ ಇಂಗ್ಲಿಷ್ ಓದುಗನಿಗೆ ವ್ಯಾಪಾರದ ಮಾತಿನ ನಡುವೆ ಮನೆಯ ಮಾತು ಬಂದಂತೆ ತೋರುತ್ತದೆ. ಅಣ್ಣನ ಮಾತಿಗಿರುವ ಅಧಿಕಾರ ಅಲ್ಲಿ ಕಾಣುವುದಿಲ್ಲ.

ಬಣ್ಣದ ಉತ್ತರ: ಮೂರರಲ್ಲಿ ಅತ್ಯಂತ ಅಪಾಯಕರವಾದುದು ಇದು, ಏಕೆಂದರೆ ಇದು ಒಪ್ಪಿಗೆಯ ವೇಷದಲ್ಲಿದೆ. ‘ಚಿಂತಿಸಬೇಕಾಗಿಲ್ಲ’, ‘ಒಳ್ಳೆಯ ಮಾಲನ್ನೇ ಕಳುಹಿಸುತ್ತೇವೆ’ ಎಂಬ ಎರಡು ಮಾತುಗಳಲ್ಲಿಯೂ 140 ಎಂಬ ಸಂಖ್ಯೆ ಇಲ್ಲ. ಸಂಖ್ಯೆಯಿಂದ ಕೂಡಿದ ಪ್ರಶ್ನೆಗೆ ಸಂಖ್ಯೆಯಿಲ್ಲದ ಉತ್ತರ ಬಂದರೆ ಅಲ್ಲಿ ಏನೋ ತಡೆಯಿದೆಯೆಂದು ಅನುವಾದಕನು ಸಂಶಯಪಡಬೇಕು. ವಿಚಾರಿಸಿದಾಗ ವರ್ತಕರು, ಕೈಯಲ್ಲಿರುವ ಮಾಲು ಪರೀಕ್ಷೆಯಲ್ಲಿ 120ರ ಆಸುಪಾಸಿನಲ್ಲಿದೆ, ಆರಿಸಿದರೆ ಏರೀತು, ಆದರೆ 140 ಎಂದು ಬರೆದುಕೊಡಲಾಗದು ಎಂದು ತಿಳಿಸುತ್ತಾರೆ ಎಂದಿಟ್ಟುಕೊಂಡರೆ ಪತ್ರದ ಅರ್ಥ ಬೆಳಕಿಗೆ ಬಂದಂತಾಯಿತು. ಪದಶಃ ಅನುವಾದ ಹೋಗಿದ್ದರೆ ಅದು ಭರವಸೆಯಾಗಿ ಓದಲ್ಪಡುತ್ತಿತ್ತು. ಮಾಲು ಬಂದರಿನಲ್ಲಿ ತಿರಸ್ಕೃತವಾಗುವ ಸಂಭವವಿತ್ತು. ‘ವಿ ವಿಲ್ ಸೆಲೆಕ್ಟ್ ದ ಬೆಸ್ಟ್ ಆಫ್ ದ ಲಾಟ್, ಬಟ್ ವುಡ್ ಹೆಸಿಟೇಟ್ ಟು ಕಮಿಟ್ ಟು 140’ ಎಂಬ ವಾಕ್ಯದಲ್ಲಿ ವರ್ತಕರ ಸದಿಚ್ಛೆಯೂ ಉಳಿಯುತ್ತದೆ, ಅವರ ಎಲ್ಲೆಯೂ ತಿಳಿಯುತ್ತದೆ. ಮಾಲು ಹೊರಡುವ ಮುನ್ನ ನಮೂನೆ ಕಳುಹಿಸುವ ಸಲಹೆ ಇಲ್ಲಿ ಉಪಯುಕ್ತವಾದರೂ ಅದನ್ನು ಅನುವಾದಕನು ತಾನಾಗಿ ಸೇರಿಸುವಂತಿಲ್ಲ. ವರ್ತಕರಿಗೆ ಸೂಚಿಸಬಹುದು, ಅವರು ಒಪ್ಪಿದರೆ ಬರೆಯಬಹುದು.

ಇಂಗ್ಲಿಷಿನಿಂದ ಕನ್ನಡಕ್ಕೆ

ಆಮದುದಾರರ ಮರುತ್ತರದಲ್ಲಿ ಅಪಾಯಗಳು ತಿರುಗುಮುರುಗಾಗುತ್ತವೆ. ಅವರ ಪತ್ರದಲ್ಲಿ ಈ ನಾಲ್ಕು ಮಾತುಗಳಿವೆ ಎಂದು ಭಾವಿಸೋಣ. ದರದ ಬಗ್ಗೆ ‘ವಿ ನೋಟ್ ವಾಟ್ ಯೂ ಸೇ’. ಆದರೆ 295ರ ಮೇಲಿನ ದರವನ್ನು ‘ಅವರ್ ಬೋರ್ಡ್ ವುಡ್ ಫೈಂಡ್ ರಾದರ್ ಹಾರ್ಡ್ ಟು ಜಸ್ಟಿಫೈ’. ಮುಂಗಡ ನಮೂನೆ ಕಳುಹಿಸಿದರೆ ‘ವಿ ವುಡ್ ಬಿ ಗ್ರೇಟ್‌ಫುಲ್’. ಬಣ್ಣ 140 ಇರುವುದನ್ನು ‘ವಿ ವುಡ್ ನಾರ್ಮಲಿ ಎಕ್ಸ್‌ಪೆಕ್ಟ್’.

ಪದಕ್ಕೆ ಪದವಿಟ್ಟರೆ ಕನ್ನಡದ ವರ್ತಕರಿಗೆ ಇದು ಬಹಳ ಮೆತ್ತಗಿನ ಪತ್ರವಾಗಿ ಕಾಣುತ್ತದೆ. ‘ನೀವು ಹೇಳಿದ್ದನ್ನು ಗಮನಿಸಿದ್ದೇವೆ’ ಎಂಬುದು ಅರ್ಧ ಒಪ್ಪಿಗೆಯಂತೆ ಕೇಳಿಸುತ್ತದೆ. ಮೂಲದಲ್ಲಿ ಅದು ಕೇಳಿಸಿಕೊಂಡೆವು ಎಂಬುದಕ್ಕಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ. ‘ಸಮರ್ಥಿಸುವುದು ಸ್ವಲ್ಪ ಕಷ್ಟ’ ಎಂದರೆ ಇನ್ನೂ ಜಗ್ಗಬಹುದೆಂಬ ಆಸೆ ಹುಟ್ಟುತ್ತದೆ. ಮೂಲದಲ್ಲಿ 295 ಎಂಬುದು ಬಹುಶಃ ಕೊನೆಯ ಗೆರೆ. ‘ಕೃತಜ್ಞರಾಗಿರುತ್ತೇವೆ’ ಎಂಬುದು ಉಪಕಾರದ ಬೇಡಿಕೆಯಂತಿದೆ. ಮೂಲದಲ್ಲಿ ನಮೂನೆ ಬಾರದಿದ್ದರೆ ವ್ಯವಹಾರ ಮುಂದುವರಿಯುವಂತೆ ತೋರುವುದಿಲ್ಲ. ‘ನಿರೀಕ್ಷಿಸುತ್ತೇವೆ’ ಎಂಬ ಕನ್ನಡ ಕ್ರಿಯಾಪದದಲ್ಲಿ ಆಶೆಯಿದೆ. ವ್ಯಾಪಾರದ ಇಂಗ್ಲಿಷಿನ ‘ಎಕ್ಸ್‌ಪೆಕ್ಟ್’ ಪದದಲ್ಲಿ ಹಕ್ಕಿನ ದನಿಯಿದೆ. ಅದರ ಹಿಂದಿರುವ ‘ನಾರ್ಮಲಿ’ ಮಾತ್ರ ವಿಶೇಷ ಸಂದರ್ಭದಲ್ಲಿ ರಿಯಾಯಿತಿ ತೋರಬಹುದೆಂದು ಮೆಲ್ಲನೆ ಸೂಚಿಸುತ್ತದೆ. ಅನುವಾದದಲ್ಲಿ ಅದನ್ನು ಬಿಡಬಾರದು.

ಬಲವನ್ನು ಉಳಿಸಿದ ಕನ್ನಡ ಹೀಗಿರಬಹುದು: “ದರವನ್ನು ಕುರಿತು ತಾವು ತಿಳಿಸಿದ ವಿಷಯ ನಮ್ಮ ಗಮನದಲ್ಲಿದೆ. ಆದರೆ 295ಕ್ಕೆ ಮೇಲ್ಪಟ್ಟರೆ ನಮ್ಮ ಆಡಳಿತ ಮಂಡಲಿಯವರನ್ನು ಒಪ್ಪಿಸುವುದು ನಮ್ಮಿಂದಾಗಲಾರದೆಂದು ತೋರುತ್ತದೆ. ಮಾಲು ಹೊರಡುವ ಮುನ್ನ ದಯಮಾಡಿ ನಮೂನೆಯನ್ನು ಕಳುಹಿಸಿಕೊಡಬೇಕು. ಬಣ್ಣ 140 ಇರಬೇಕೆಂಬುದು ಸಾಮಾನ್ಯವಾಗಿ ನಮ್ಮಲ್ಲಿಯ ನಿಯಮ.” ಇಲ್ಲಿ ‘ಆಗಲಾರದೆಂದು ತೋರುತ್ತದೆ’ ಎಂಬ ರೂಪ ನಿರಾಕರಣೆಯನ್ನೂ ವಿನಯವನ್ನೂ ಒಟ್ಟಿಗೆ ಹೊರುತ್ತದೆ. ‘ದಯಮಾಡಿ ಕಳುಹಿಸಿಕೊಡಬೇಕು’ ಎಂಬುದು ಕನ್ನಡ ಪತ್ರವ್ಯವಹಾರದ ಹಳೆಯ ರೂಢಿ. ಅದರಲ್ಲಿ ಗೌರವವಿದ್ದರೂ ‘ಬೇಕು’ ಎಂಬ ಕಟ್ಟು ಸಡಿಲವಾಗಿಲ್ಲ. ಇಂಗ್ಲಿಷಿನ ‘ಯೂ’ ಇಲ್ಲಿ ‘ತಾವು’ ಆಗಿರುವುದು ಅಲಂಕಾರಕ್ಕಲ್ಲ. ಮೂಲದ ವಿನಯವನ್ನು ಹೊತ್ತಿದ್ದ ‘ವುಡ್’, ‘ರಾದರ್’ ಮುಂತಾದ ಪದಗಳು ಕನ್ನಡದಲ್ಲಿ ಕರಗಿಹೋದಾಗ ಆ ಭಾರವನ್ನು ಹೊರಲು ‘ತಾವು’ ಬೇಕಾಗುತ್ತದೆ.

ಮೌನವೂ ಕರಾರೂ

ಕನ್ನಡ ಪತ್ರಗಳಲ್ಲಿ ನಿರಾಕರಣೆಯ ಇನ್ನೊಂದು ಬಗೆ ಮೌನ. ಮೂರು ಬೇಡಿಕೆಗಳಲ್ಲಿ ಎರಡಕ್ಕೆ ಉತ್ತರಿಸಿ ಮೂರನೆಯದನ್ನು ಪ್ರಸ್ತಾಪಿಸದೆ ಬಿಟ್ಟರೆ, ಬಲ್ಲವರು ಅದನ್ನು ‘ಇಲ್ಲ’ ಎಂದು ತಿಳಿಯುತ್ತಾರೆ. ಅನುವಾದದಲ್ಲಿ ಈ ಮೌನ ಕಾಣಿಸುವುದೇ ಇಲ್ಲ. ಓದುವವನು ಅದನ್ನು ಮರೆವೆಂದು ತಿಳಿಯಬಹುದು, ಒಪ್ಪಿಗೆಯೆಂದೂ ತಿಳಿಯಬಹುದು.

ಕಾನೂನಿನ ದೃಷ್ಟಿಯಿಂದ ಬರಿಯ ಮೌನ ಒಪ್ಪಿಗೆಯಲ್ಲ. ಇಂಗ್ಲೆಂಡಿನ ನ್ಯಾಯಾಲಯ 1862ರಷ್ಟು ಹಿಂದೆಯೇ, ಫೆಲ್ಟ್‌ಹೌಸ್ ಮತ್ತು ಬಿಂಡ್ಲಿ ಇವರ ನಡುವಣ ಒಂದು ಕುದುರೆಯ ಮಾರಾಟದ ವ್ಯಾಜ್ಯದಲ್ಲಿ ಈ ತತ್ತ್ವವನ್ನು ಎತ್ತಿಹಿಡಿಯಿತು. 1872ರ ಭಾರತೀಯ ಕರಾರು ಅಧಿನಿಯಮದ 7ನೆಯ ಕಲಮು ಒಪ್ಪಿಗೆಯು ಸಂಪೂರ್ಣವೂ ಷರತ್ತಿಲ್ಲದುದೂ ಆಗಿರಬೇಕೆಂದು ಹೇಳುತ್ತದೆ. ಆದರೆ ಅದರ ಮುಂದಿನ 8ನೆಯ ಕಲಮಿನ ಪ್ರಕಾರ, ಪ್ರಸ್ತಾಪದ ಷರತ್ತುಗಳನ್ನು ನೆರವೇರಿಸುವುದೂ ಒಪ್ಪಿಗೆಯೇ. ಉದ್ದರಿಯ ಬೇಡಿಕೆಗೆ ಉತ್ತರಿಸದೆ ಮಾಲನ್ನು ಹಡಗಿಗೆ ಹಾಕಿದರೆ, ನಡತೆಯಿಂದಲೇ ಉದ್ದರಿಗೆ ಒಪ್ಪಿದಿರೆಂಬ ವಾದಕ್ಕೆ ಎಡೆಯಾದೀತು. ಇ-ಮೇಲ್ ಪತ್ರಗಳು ಹಗುರವಾದ ಮಾತುಗಳೆಂದು ತಿಳಿಯುವುದಕ್ಕೂ ಆಸ್ಪದವಿಲ್ಲ. ಬಾಕ್ಸೈಟ್ ಅದಿರಿನ ಪೂರೈಕೆಗೆ ಸಂಬಂಧಿಸಿದ ಟ್ರೈಮೆಕ್ಸ್ ಮೊಕದ್ದಮೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ಔಪಚಾರಿಕ ಕರಾರುಪತ್ರಕ್ಕೆ ಸಹಿಯಾಗದಿದ್ದರೂ ಇ-ಮೇಲ್ ಪತ್ರಗಳ ಮೂಲಕವೇ ಕರಾರು ಏರ್ಪಟ್ಟಿತ್ತೆಂದು ತೀರ್ಪಿತ್ತಿತು.

ಆದುದರಿಂದ ಮೂಲ ಪತ್ರದಲ್ಲಿ ಉತ್ತರ ಬಾರದ ಬೇಡಿಕೆ ಕಂಡಾಗ ಅನುವಾದಕನು ಅದನ್ನು ತಾನೇ ತುಂಬಿಕೊಡದೆ, ಬರೆಯಿಸಿದವರ ಗಮನಕ್ಕೆ ತರಬೇಕು. ಅವರು ಬಯಸಿದರೆ, ಆ ವಿಷಯ ಸದ್ಯಕ್ಕೆ ಬಾಕಿ ಉಳಿದಿದೆಯೆಂಬ ಅರ್ಥದ ಒಂದು ವಾಕ್ಯ ಸೇರಿದರೆ ಸಾಕು. ನಿರಾಕರಣೆಯ ಮಾತು ಬೇಕಾಗುವುದಿಲ್ಲ, ಒಪ್ಪಿಗೆಯ ಭ್ರಮೆಯೂ ಉಳಿಯುವುದಿಲ್ಲ.

ತಪ್ಪನ್ನು ಗುರುತಿಸುವ ಬಗೆ

ಅನುವಾದ ಹೊರಡುವ ಮುನ್ನ ಒಂದು ಸರಳ ಪರೀಕ್ಷೆ ಉಂಟು. ಮೂಲವನ್ನು ಕಾಣದ ಒಬ್ಬರ ಕೈಗೆ ಅನುವಾದವನ್ನು ಕೊಟ್ಟು, ‘ಈ ಪತ್ರ ತಲುಪಿದ ಮೇಲೆ ನೀವಾದರೆ ಏನು ಮಾಡುವಿರಿ’ ಎಂದು ಕೇಳುವುದು. ಪತ್ರದ ಅರ್ಥವೇನೆಂದು ಕೇಳಿದರೆ ಅವರು ವಾಕ್ಯಗಳನ್ನೇ ಪುನಃ ಹೇಳುವರು; ಏನು ಮಾಡುವಿರಿ ಎಂದು ಕೇಳಿದಾಗ ಬಲ ತಿಳಿಯುತ್ತದೆ. ‘285ಕ್ಕೆ ಇನ್ನೊಮ್ಮೆ ಕೇಳುತ್ತೇನೆ’ ಎಂದು ಅವರು ನುಡಿದರೆ ನಿರಾಕರಣೆ ದಾಟಿಲ್ಲ. ‘ಬೇರೆ ವರ್ತಕನನ್ನು ಹುಡುಕುತ್ತೇನೆ’ ಎಂದರೆ ಕಿಂಡಿ ಮುಚ್ಚಿದೆ. ‘ಒಂದು ನಡುವಿನ ದರವನ್ನು ಸೂಚಿಸುತ್ತೇನೆ’ ಎಂದರೆ ಪತ್ರ ತನ್ನ ಕೆಲಸವನ್ನು ಮಾಡಿದೆ.

ಪತ್ರ ಹೋದ ಮೇಲೆ ಎದುರಿನಿಂದ ಬರುವ ಉತ್ತರವೇ ಪರೀಕ್ಷೆ. ಮಾಡದ ವಾಗ್ದಾನಕ್ಕೆ ವಂದನೆ ಬಂದರೆ, ‘ಅಣ್ಣನವರು ಏನೆಂದರು’ ಎಂಬ ಜ್ಞಾಪನಪತ್ರ ಬಂದರೆ, ಕಳುಹಿಸಿದ ಖರೀದಿ ಆದೇಶದಲ್ಲಿ ಬಣ್ಣದ ಎದುರಿಗೆ 140 ಎಂದು ಅಚ್ಚಾಗಿದ್ದರೆ, ಅಲ್ಲಿಯವರೆಗೆ ಹೋದ ಅನುವಾದಗಳನ್ನು ಮತ್ತೆ ತೆಗೆದು ನೋಡಬೇಕು. ಖರೀದಿ ಆದೇಶವನ್ನು ವಿಶೇಷವಾಗಿ ನೋಡಬೇಕು. ಪತ್ರಗಳ ಮೃದು ಮಾತುಗಳೆಲ್ಲ ಅಲ್ಲಿ ಸಂಖ್ಯೆಗಳಾಗಿ ಗಟ್ಟಿಗೊಳ್ಳುತ್ತವೆ. ತಪ್ಪು ಕಂಡ ದಿನವೇ ವರ್ತಕರಿಗೆ ತಿಳಿಸಿ ತಿದ್ದುಪಡಿಯ ಪತ್ರ ಹೋದರೆ ನಷ್ಟ ಅಲ್ಪ. ಮಾಲು ಹೊರಟ ಮೇಲೆ ಅದೇ ತಿದ್ದುಪಡಿ ವ್ಯಾಜ್ಯದ ಆರಂಭವೆನಿಸುತ್ತದೆ.

ಈ ಕ್ರಮಕ್ಕೂ ಎಲ್ಲೆಗಳುಂಟು. ಕೆಲವು ಸಲ ಬರೆಯಿಸುವವರೇ ಉದ್ದೇಶಪೂರ್ವಕವಾಗಿ ಹೌದೆಂದೂ ಇಲ್ಲವೆಂದೂ ತಿಳಿಯದಂತೆ ಬರೆಯುತ್ತಾರೆ. ಪೇಟೆಯ ದರ ಯಾವ ಕಡೆಗೆ ತಿರುಗುವುದೋ ನೋಡಲು ನಾಲ್ಕು ದಿನ ಬೇಕಾಗಿರುತ್ತದೆ. ಅಂಥಲ್ಲಿ ಅಸ್ಪಷ್ಟತೆಯೇ ಪತ್ರದ ಅರ್ಥ. ಅದನ್ನು ಬಿಡಿಸಿ ಹೇಳುವುದು ಮಾತಿಗೆ ಬೆಳಕು ಕೊಟ್ಟಂತಲ್ಲ, ಬರೆಯಿಸಿದವರ ಗುಟ್ಟನ್ನು ಬಿಟ್ಟುಕೊಟ್ಟಂತೆ. ‘ವಿ ಶಲ್ ನೀಡ್ ಟು ಕಮ್ ಬ್ಯಾಕ್ ಟು ಯೂ ಆನ್ ದಿಸ್’ ಎಂಬ ಇಂಗ್ಲಿಷ್ ವಾಕ್ಯ ಅಷ್ಟೇ ಅಸ್ಪಷ್ಟವಾಗಿದ್ದು ಅಂಥ ಸಂದರ್ಭಕ್ಕೆ ಒದಗುತ್ತದೆ. ಯಾವುದು ಉದ್ದೇಶದ ಅಸ್ಪಷ್ಟತೆ, ಯಾವುದು ದಾಕ್ಷಿಣ್ಯದ ಅಸ್ಪಷ್ಟತೆ ಎಂಬುದನ್ನು ಪತ್ರದಿಂದಲೇ ತಿಳಿಯಲಾಗದಿದ್ದಾಗ ಕೇಳಿ ತಿಳಿಯುವುದೊಂದೇ ದಾರಿ. ಹಾಗೆ ಕೇಳುವಾಗಲೂ ‘ಇದು ಹೌದೋ ಇಲ್ಲವೋ’ ಎಂದು ನೇರವಾಗಿ ಕೇಳಿದರೆ ಮತ್ತೆ ‘ನೋಡೋಣ’ ಎಂಬ ಉತ್ತರವೇ ಬಂದೀತು. ‘ಅವರು ಇದನ್ನು ಒಪ್ಪಿಗೆಯೆಂದು ತಿಳಿದು ಆದೇಶ ಕಳುಹಿಸಿದರೆ ತಮಗೆ ತೊಂದರೆಯಿಲ್ಲವಷ್ಟೆ?’ ಎಂದು ಕೇಳಿದರೆ ವರ್ತಕರ ಮನಸ್ಸಿನಲ್ಲಿರುವುದು ಆ ಕ್ಷಣವೇ ಹೊರಬರುತ್ತದೆ.